ಅಷ್ಟು ಶಾಂತವಾಗಿ ಮಾತಾಡಿದ್ದು ಯಾರು?

"ಮೇಡಂ, ನಮಸ್ಕಾರ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಪ್ರಾಕ್ಟೀಸ್ ಶುರು ಮಾಡಿ ಮೂರು ವರ್ಷ ಆಯಿತು. ಸ್ಕೀಮಾ ಥೆರಪಿಯ ಮೋಡ್‌ಗಳ ಬಗ್ಗೆ ಲೇಖನ ಕಳಿಸಿದ್ದೇನೆ, ಕೊನೆಯಲ್ಲಿ ಒಂದು ಕೇಸೂ ಇದೆ. ಓದಿದ ಸಹೋದ್ಯೋಗಿಗಳು 'ಚೆನ್ನಾಗಿದೆ, ಆದರೆ ನಾಳೆ ಕ್ಲಿನಿಕ್ಕಿನಲ್ಲಿ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ' ಅಂದರು. ಎಲ್ಲಿ ಎಡವಿದ್ದೇನೆ, ಮುಲಾಜಿಲ್ಲದೆ ಹೇಳಿ."

ಮೊದಲ ನಾಲ್ಕು ಪುಟ ತೆಗೆದುಬಿಡಿ. ಅಲ್ಲಿರುವುದು ಮೋಡ್‌ಗಳ, ಅಂದರೆ ಆ ಕ್ಷಣಕ್ಕೆ ಮುಂದೆ ಬರುವ ಮನಸ್ಸಿನ ಸ್ಥಿತಿಗಳ ಪಟ್ಟಿ, ಒಂದೊಂದಕ್ಕೂ ಎರಡೆರಡು ಸಾಲಿನ ವ್ಯಾಖ್ಯೆ. ಅದು ಪರೀಕ್ಷೆಗೆ ಓದುವವರಿಗೆ ಸಾಕು. ನಿಮ್ಮ ಓದುಗರ ಎದುರಿಗೆ ಒಬ್ಬರು ಕೂತಿರುತ್ತಾರೆ, ಹತ್ತು ನಿಮಿಷದಲ್ಲಿ ಮೂರು ಥರ ಬದಲಾಗುತ್ತಾರೆ, ಈಗ ಮಾತಾಡುತ್ತಿರುವುದು ಯಾರು ಅಂತ ಇವರಿಗೆ ಗೊತ್ತಾಗಬೇಕು.

ಮೋಡ್ ಅನ್ನುವ ಯೋಚನೆ ಹುಟ್ಟಿದ್ದೇ ಅಲ್ಲಿಂದ. ಸ್ಕೀಮಾ ಥೆರಪಿ ಕಟ್ಟಿದ ಜೆಫ್ರಿ ಯಂಗ್ ಪಟ್ಟಿ ಮಾಡಿದ 18 ಸ್ಕೀಮಾಗಳನ್ನು, ಅಂದರೆ ಚಿಕ್ಕಂದಿನಿಂದ ಬೇರೂರಿದ ನೋವಿನ ಮಾದರಿಗಳನ್ನು ಹಿಡಿದು, ಭಾವನೆ, ಸಂಬಂಧಗಳು ಬೇಗ ಏರುಪೇರಾಗುವ ಬಾರ್ಡರ್‌ಲೈನ್ ಪರ್ಸನಾಲಿಟಿ ತೊಂದರೆ ಇರುವವರನ್ನು ನೋಡಲು ಹೋದರೆ, ಹೆಚ್ಚುಕಡಿಮೆ ಎಲ್ಲವೂ ಇದೆ ಅನ್ನಿಸುತ್ತದೆ, ಯಾವುದನ್ನು ಮೊದಲು ಹಿಡಿಯುವುದು? ಅದಕ್ಕೇ 'ಇವರಲ್ಲಿ ಏನೇನಿದೆ' ಅನ್ನುವುದನ್ನು ಬಿಟ್ಟು 'ಈ ಕ್ಷಣ ಯಾವುದು ಮುಂದೆ ಬಂದಿದೆ' ಅಂತ ಕೇಳಿದರು. ನೊಂದ ಮಗು, ಸಿಟ್ಟಿನ ಮಗು, ಶಿಕ್ಷಿಸುವ ಪೇರೆಂಟ್, ಭಾವನೆಯಿಂದ ದೂರ ನಿಲ್ಲಿಸಿ ಕಾಯುವ ಡಿಟ್ಯಾಚ್ಡ್ ಪ್ರೊಟೆಕ್ಟರ್, ಇವೆಲ್ಲವನ್ನೂ ಸಂಭಾಳಿಸಬೇಕಾದ ಹೆಲ್ದಿ ಅಡಲ್ಟ್. ಬಾರ್ಡರ್‌ಲೈನ್ ಕೇಸಿಗೆ ಈ ಐದು ಸಾಕು. ಉಳಿದವನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

ಈಗ ನಿಮ್ಮ ಕೇಸಿಗೆ ಬರೋಣ, ಜಾಸ್ತಿ ಹೇಳಬೇಕಾಗಿರುವುದು ಅಲ್ಲೇ. ಹನ್ನೆರಡನೇ ಸೆಷನ್ನಿನಲ್ಲಿ ಆಕೆ ಅಪ್ಪನ ಬಗ್ಗೆ ಕಣ್ಣೀರಿಲ್ಲದೆ, ನಿಧಾನವಾಗಿ ಮಾತಾಡಿದರು. 'ಅದೆಲ್ಲ ಮುಗಿದುಹೋದ ವಿಷಯ' ಅಂದರು. ನೀವು 'ಹೆಲ್ದಿ ಅಡಲ್ಟ್ ಗಟ್ಟಿಯಾಯಿತು' ಅಂತ ಬರೆದು ಕೇಸ್ ಮುಗಿಸಿದ್ದೀರಿ. ಮುಂದಿನ ಪ್ಯಾರಾದಲ್ಲಿ ನೀವೇ ಸುಮ್ನೆ ಒಂದು ಸಾಲು ಹಾಕಿದ್ದೀರಿ, ಆಕೆ ರಾತ್ರಿ ಎರಡರವರೆಗೆ ಫೋನ್ ನೋಡುತ್ತಾ ಕೂರುತ್ತಾರೆ, ಗೆಳತಿಯರ ಕರೆ ತೆಗೆಯುವುದಿಲ್ಲ ಅಂತ. ಹೆಲ್ದಿ ಅಡಲ್ಟ್ ಹಾಗೆ ಬದುಕುವುದಿಲ್ಲ, ಅಲ್ವಾ? ಅಲ್ಲಿ ಮಾತಾಡಿದ್ದು ಪ್ರೊಟೆಕ್ಟರ್ ಅಂತ ನನ್ನ ಗುಮಾನಿ.

ಈ ತಪ್ಪು ನಾನೂ ಮಾಡಿದ್ದೇನೆ. ಗುರುತು ಸಿಗಬಾರದು ಅಂತ ಇಬ್ಬರು ಮೂವರ ಕಥೆ ಸೇರಿಸಿ ಹೇಳುತ್ತೇನೆ. ಮೂವತ್ತು ದಾಟಿದ ಕಾಲೇಜು ಉಪನ್ಯಾಸಕಿ. ನನಗಿಂತ ಮೊದಲು ಇಬ್ಬರು ಥೆರಪಿಸ್ಟ್‌ಗಳನ್ನು ನೋಡಿ ಬಿಟ್ಟಿದ್ದರು. ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಹೋಮ್‌ವರ್ಕ್ ಅಚ್ಚುಕಟ್ಟು. ಮೂರು ತಿಂಗಳು ನಾನು ಖುಷಿಯಾಗಿಯೇ ಇದ್ದೆ. ಒಂದೇ ವಿಚಿತ್ರ, ಅವರ ಸೆಷನ್ನಿನಲ್ಲಿ ನನಗೆ ಆಕಳಿಕೆ ಬರುತ್ತಿತ್ತು. ಊಟ ಜಾಸ್ತಿಯಾಯಿತು ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಆಕೆ ತೋಳು ಕೊಯ್ದುಕೊಂಡು ಬಂದರು. ಹಿಂದಿನ ವಾರವಷ್ಟೇ 'ಐ ಆಮ್ ಫೈನ್' ಅಂದಿದ್ದರು.

ಎದುರಿಗಿರುವವರ ಮಾತು ಸರಿಯಾಗಿಯೇ ಇದ್ದು ನಿಮಗೆ ಬೇಸರ, ನಿದ್ದೆ ಬರುತ್ತಿದ್ದರೆ ಅದನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಿ, ಪ್ರೊಟೆಕ್ಟರ್ ಇರುವ ಒಳ್ಳೆಯ ಸುಳಿವು ಅದು. ಇನ್ನೊಂದು ಸುಳಿವು ಭಾಷೆ, ಇದನ್ನು ಕನ್ನಡದಲ್ಲಿ ಕೆಲಸ ಮಾಡುವ ನಾವೇ ಬರೆಯಬೇಕು. ನಾನು ಗಮನಿಸಿದ ಹಾಗೆ ಪ್ರೊಟೆಕ್ಟರ್ ಮಾತಾಡುವಾಗ 'ನಾನು' ಮಾಯವಾಗುತ್ತದೆ, 'ಎಲ್ಲರ ಮನೇಲೂ ಹಂಗೇ ಇರುತ್ತೆ' ಅನ್ನುವ ಥರ, ಎಷ್ಟೋ ಸಲ ಇಂಗ್ಲಿಷಿಗೆ ಜಾರುತ್ತದೆ. ಶಿಕ್ಷಿಸುವ ದನಿ 'ನೀನು' ಅಂತ ಶುರುವಾಗುತ್ತದೆ, 'ನಿಂಗೆ ನಾಚಿಕೆ ಆಗಲ್ವಾ'. ಮಗು ಬಂದಾಗ 'ನಾನು' ವಾಪಸ್ ಬರುತ್ತದೆ, ಊರಿನ ಮಾತೂ ಬರುತ್ತದೆ. ಇದು ಅಳತೆಗೋಲಲ್ಲ, ಸುಳಿವು ಅಷ್ಟೇ. ಗಟ್ಟಿ ಮಾಡಿಕೊಳ್ಳಲು ಕೇಳಿ: 'ಇದನ್ನು ಹೇಳುವಾಗ ಮೈಯಲ್ಲಿ ಎಲ್ಲಿ ಏನಾಗುತ್ತಿದೆ? ಈಗ ನಿಮಗೆ ಏನು ಬೇಕು?' ಹೆಲ್ದಿ ಅಡಲ್ಟ್ ಆಗಿದ್ದರೆ 'ಗಂಟಲು ಕಟ್ಟುತ್ತಿದೆ, ಆದರೂ ಹೇಳಬಲ್ಲೆ' ಅನ್ನುವಂಥ ಉತ್ತರ ಬರುತ್ತದೆ, ನೋವೂ ಇರುತ್ತದೆ, ಯೋಚನೆಯೂ ಇರುತ್ತದೆ. ಪ್ರೊಟೆಕ್ಟರ್ ಆಗಿದ್ದರೆ 'ಏನೂ ಇಲ್ಲ' ಅಥವಾ 'ಗೊತ್ತಿಲ್ಲ'.

ಗೊತ್ತಾದ ಮೇಲೆ ಏನು ಮಾಡಬೇಕು? ಪ್ರೊಟೆಕ್ಟರನ್ನು ಓಡಿಸಬಾರದು. ನಾನು ಆ ಉಪನ್ಯಾಸಕಿಗೆ ಖಾಲಿ ಕುರ್ಚಿ ತೋರಿಸಿ, ಒಳಗೆ ಕಾವಲು ಕಾಯುತ್ತಿರುವವಳು ಅಲ್ಲಿ ಕೂತು ಮಾತಾಡಲಿ ಅಂದೆ. ಆಕೆ ಏಳಲಿಲ್ಲ, ಕುರ್ಚಿ ಬದಲಿಸುವುದು ನಾಟಕ ಅನ್ನಿಸಿತಂತೆ. ಸರಿ, ಕೂತಲ್ಲಿಂದಲೇ ಮಾತಾಡಲಿ ಅಂತ ಬಿಟ್ಟೆ.

"ನೀವು ಇವರ ಜೊತೆ ಯಾವಾಗಿಂದ ಇದ್ದೀರಿ?"

"ಏಳನೇ ಕ್ಲಾಸಿಂದ."

"ಆಗ ಏನಾಗಿತ್ತು?"

"ಮಾರ್ಕ್ಸ್ ಕಾರ್ಡ್ ಬಂದಿತ್ತು. ರಾತ್ರಿ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ್ರು. ಅತ್ತರೆ ಇನ್ನೂ ಹೊತ್ತು ನಿಲ್ಲಿಸ್ತಾರೆ ಅಂತ ಗೊತ್ತಿತ್ತು."

"ಅಂದರೆ ಅವತ್ತು ನೀವು ಅವಳನ್ನು ಉಳಿಸಿದಿರಿ."

ಆಕೆ ಉತ್ತರ ಕೊಡಲಿಲ್ಲ, ಆದರೆ ಮೊದಲ ಸಲ ನನ್ನನ್ನು ನೇರ ನೋಡಿದರು. ಆಮೇಲೆ ಕೇಳಿದೆ: ನೀವು ಸ್ವಲ್ಪ ಪಕ್ಕಕ್ಕೆ ನಿಂತರೆ ಏನಾಗುತ್ತದೆ? "ಅಳ್ತಾಳೆ, ಯಾರೂ ಬರಲ್ಲ." ನಾನು ಇಲ್ಲೇ ಇದ್ದೇನೆ, ಐದು ನಿಮಿಷ ಕೊಡಿ, ಸಾಕು ಅನ್ನಿಸಿದರೆ ವಾಪಸ್ ಬನ್ನಿ ಅಂದೆ. ಇಷ್ಟೇ ಚೌಕಾಸಿ. ಐದು ನಿಮಿಷ ಅಂದರೆ ಐದೇ ನಿಮಿಷ, ಆ ದಿನ ಜಾಸ್ತಿ ಎಳೆದಿದ್ದರೆ ಮುಂದಿನ ವಾರ ಆಕೆ ಬರುತ್ತಿರಲಿಲ್ಲ.

ಆ ಐದು ನಿಮಿಷದಲ್ಲಿ ಎರಡು ವಾಕ್ಯ ಬಂದವು, "ನಂಗ ಭಾಳ ಅಂಜಿಕಿ ಆಗಿತ್ರಿ" ಅಂದರು. ಅಲ್ಲಿಯವರೆಗೆ ಅವರು ಧಾರವಾಡ ಕಡೆಯವರು ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಹಿಂದೆಯೇ ಇನ್ನೊಂದು ದನಿ, "ಸಾಕು ಮಾಡು ನಿನ್ನ ನಾಟಕ." ಕಾವಲು ಸರಿದ ಕೂಡಲೇ ಶಿಕ್ಷಿಸುವ ದನಿ ನುಗ್ಗುವುದು ಮಾಮೂಲು. ಕೊಯ್ದುಕೊಳ್ಳುವ ಅಪಾಯ ಹೆಚ್ಚುವುದೂ ಆಗಲೇ, ಅದಕ್ಕೇ ಆ ದಿನ ಸೆಷನ್ ಮುಗಿಸುವ ಮೊದಲು ಇವತ್ತು ರಾತ್ರಿ ಏನು ಮಾಡುತ್ತೀರಿ, ಮನೆಯಲ್ಲಿ ಯಾರಿರುತ್ತಾರೆ, ಯಾರಿಗೆ ಫೋನ್ ಮಾಡುತ್ತೀರಿ ಅಂತ ಕೇಳಿ ಬರೆದುಕೊಂಡೇ ಕಳಿಸಿದ್ದು. ನಿಮ್ಮ ಲೇಖನದಲ್ಲಿ ಈ ವಿಷಯ ಎಲ್ಲೂ ಇಲ್ಲ. ಸೇರಿಸಲೇಬೇಕು.

ಶಿಕ್ಷಿಸುವ ದನಿಯ ಜೊತೆ ಚೌಕಾಸಿ ಇಲ್ಲ. ಅದನ್ನು ಖಾಲಿ ಕುರ್ಚಿಯಲ್ಲಿ ಕೂರಿಸಿ ಥೆರಪಿಸ್ಟೇ ಎದುರು ನಿಂತು 'ಅವಳ ಜೊತೆ ಹೀಗೆ ಮಾತಾಡಲು ಬಿಡುವುದಿಲ್ಲ' ಅನ್ನಬೇಕು. ನಾನು ಅದನ್ನು 'ಅಪ್ಪನ ದನಿ' ಅಂದುಬಿಟ್ಟೆ. ಆಕೆ ತಕ್ಷಣ, "ನಮ್ಮಪ್ಪನಿಗೆ ಬೈಬೇಡಿ, ನನ್ನ ಓದಿಸಿದ್ದೂ ಅವರೇ" ಅಂದರು. ಸರಿಯಾದ ಮಾತು. ಈಗ ಎಷ್ಟೋ ಥೆರಪಿಸ್ಟ್‌ಗಳು ಪೇರೆಂಟ್ ಅನ್ನುವ ಬದಲು 'ಕ್ರಿಟಿಕ್' ಅನ್ನುತ್ತಾರೆ. ನಾನು 'ಬೈಯುವ ದನಿ' ಅನ್ನುತ್ತೇನೆ, ಕುರ್ಚಿಯಿಂದ ಎತ್ತಿ ಹೊರಗಿಡುವುದು ಆ ದನಿಯನ್ನು, ಅಪ್ಪನನ್ನಲ್ಲ ಅಂತ ಮೊದಲೇ ಹೇಳುತ್ತೇನೆ.

ನಿಮ್ಮ ಹನ್ನೆರಡು ಸೆಷನ್ನಿನ ಲೆಕ್ಕವೂ ನನಗೆ ಸರಿ ಕಾಣಲಿಲ್ಲ. 2006ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಬಾರ್ಡರ್‌ಲೈನ್ ಇರುವವರಿಗೆ ವಾರಕ್ಕೆ ಎರಡು ಸೆಷನ್ನಿನ ಹಾಗೆ ಮೂರು ವರ್ಷ ಸ್ಕೀಮಾ ಥೆರಪಿ ಕೊಟ್ಟರು. ಹೋಲಿಕೆಗೆ ಇಟ್ಟ ಥೆರಪಿಗಿಂತ ಫಲಿತಾಂಶ ಚೆನ್ನಾಗಿತ್ತು, ಆದರೂ ಪೂರ್ತಿ ಚೇತರಿಸಿಕೊಂಡವರು ಅರ್ಧಕ್ಕಿಂತ ಕಡಿಮೆ. ನನ್ನ ಕೇಸಿನಲ್ಲಿ ಆ ಐದು ನಿಮಿಷ ಹದಿನೈದಾಗಲು ಐದು ತಿಂಗಳು ಹಿಡಿಯಿತು, ನಡುವೆ ಎರಡು ಸಲ ಆಕೆ ಹೇಳದೆ ಕೇಳದೆ ಬರುವುದು ನಿಲ್ಲಿಸಿದ್ದರು. ಇಪ್ಪತ್ತು ನಿಮಿಷದ ಓಪಿಡಿಯಲ್ಲಿ ಕಾವಲು ಸರಿಸಲು ಹೋಗಬೇಡಿ, ಅಲ್ಲಿ ಮೋಡ್‌ಗೆ ಹೆಸರಿಟ್ಟರೆ ಸಾಕು.

ಹನ್ನೆರಡನೇ ಸೆಷನ್ನಿನ ಟಿಪ್ಪಣಿ ಇದ್ದರೆ ಮತ್ತೆ ತೆಗೆಯಿರಿ. 'ರೋಗಿಯು ಒಳನೋಟ ವ್ಯಕ್ತಪಡಿಸಿದರು' ಅನ್ನುವುದನ್ನು ಹೊಡೆದುಹಾಕಿ, ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ಪಕ್ಕದಲ್ಲಿ ಆ ಹೊತ್ತಿಗೆ ನಿಮಗೆ ಏನನ್ನಿಸುತ್ತಿತ್ತು ಅಂತಲೂ ಬರೆಯಿರಿ. ಆಕೆಯ ಒಪ್ಪಿಗೆ ಪಡೆದು, ಊರು ಮತ್ತು ಕೆಲಸ ಬದಲಿಸಿ ಕಳಿಸಿ. ಮತ್ತೆ ಓದುತ್ತೇನೆ.