ಎಡ, ಬಲ ರೀಮನ್ ಮೊತ್ತ: ಯಾವುದು ಜಾಸ್ತಿ, ಯಾವುದು ಕಡಿಮೆ?

ಪ್ರಶ್ನೆ: ಎಡ ಮೊತ್ತ ಯಾವಾಗ ನಿಜವಾದ ಬೆಲೆಗಿಂತ ಜಾಸ್ತಿ ಬರುತ್ತೆ, ಯಾವಾಗ ಕಡಿಮೆ? ಪ್ರತಿ ಸಲ ಗೊಂದಲ ಆಗುತ್ತೆ.

ಗ್ರಾಫಿನ ಕೆಳಗಿನ ಜಾಗವನ್ನು ಸಮ ಅಗಲದ ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿದ್ದೇವಲ್ಲ, ಅದರಲ್ಲಿ ಒಂದೇ ಒಂದು ಪಟ್ಟಿ ನೋಡಿ, ಸಾಕು. ಎಡ ಮೊತ್ತದಲ್ಲಿ ಆಯತದ ಎತ್ತರವನ್ನು ಪಟ್ಟಿಯ ಎಡ ತುದಿಯಲ್ಲಿ ಅಳೆಯುತ್ತೇವೆ. ಫಂಕ್ಷನ್ ಏರುತ್ತಿದ್ದರೆ ಆ ಪಟ್ಟಿಯಲ್ಲಿ ಅದೇ ಅತಿ ಕಡಿಮೆ ಎತ್ತರ, ಹಾಗಾಗಿ ಆಯತ ಗ್ರಾಫಿನ ಕೆಳಗೇ ಉಳಿದು ಮೊತ್ತ ಕಡಿಮೆ ಬರುತ್ತದೆ. ಬಲ ಮೊತ್ತ ಜಾಸ್ತಿ. ಇಳಿಯುತ್ತಿದ್ದರೆ ಉಲ್ಟಾ.

x² ಅನ್ನು 0ಯಿಂದ 2ರವರೆಗೆ, 0.5 ಅಗಲದ 4 ಪಟ್ಟಿ ಮಾಡಿ ನೋಡೋಣ.

ಎಡ: 0.5 × (0 + 0.25 + 1 + 2.25) = 1.75
ಬಲ: 0.5 × (0.25 + 1 + 2.25 + 4) = 3.75

ನಿಜವಾದ ಬೆಲೆ 8/3, ಅಂದರೆ ಸುಮಾರು 2.67, ಎರಡರ ಮಧ್ಯೆ ಇದೆ. aಯಿಂದ bವರೆಗೆ ಲೆಕ್ಕ ಹಾಕುವಾಗ ಬಲ ಮೊತ್ತದಿಂದ ಎಡ ಮೊತ್ತ ಕಳೆದರೆ ಯಾವಾಗಲೂ (f(b) − f(a)) × ಪಟ್ಟಿಯ ಅಗಲ ಬರುತ್ತದೆ, ಇಲ್ಲಿ 4 × 0.5 = 2.

ಗ್ರಾಫ್ ಯಾವ ಕಡೆ ಬಾಗಿದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ತುಂಬಾ ಜನ ಸುಮ್ನೆ ಅದನ್ನು ಎಳೆದು ತರುತ್ತಾರೆ, ಅದು ಬೇಕಾಗೋದು ಟ್ರೆಪಿಜಾಯ್ಡ್ ವಿಧಾನಕ್ಕೆ.

ಆದರೆ ಫಂಕ್ಷನ್ ಮಧ್ಯದಲ್ಲಿ ದಿಕ್ಕು ಬದಲಿಸಿದರೆ ಈ ನಿಯಮ ನಂಬಬೇಡಿ. ಅದೇ x² ಅನ್ನು −2ರಿಂದ 2ರವರೆಗೆ, 1 ಅಗಲದ 4 ಪಟ್ಟಿಗಳಲ್ಲಿ ತೆಗೆದುಕೊಂಡರೆ ಎಡವೂ 6, ಬಲವೂ 6, ನಿಜವಾದ ಬೆಲೆ ಮಾತ್ರ ಸುಮಾರು 5.33. ಎರಡೂ ಜಾಸ್ತಿಯೇ! ಅಂಥ ಕಡೆ ತಿರುವಿನಲ್ಲಿ, ಇಲ್ಲಿ 0ಯಲ್ಲಿ, ಭಾಗ ಮಾಡಿ ಇಳಿಯುವ ಅರ್ಧ, ಏರುವ ಅರ್ಧ ಅಂತ ಬೇರೆ ಬೇರೆ ನೋಡಿ.