ಸ್ಟೋರಿಗೆ ಉತ್ತರ ಒಬ್ಬಳಿಗೆ, ಕಮೆಂಟು ನೆಂಟರಿಷ್ಟರಿಗೆಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿ ಸಲಹೆ ಕೇಳಲು ಬಂದವನು ಕಾರವಾರದಲ್ಲಿ ನೌಕರಿಯಲ್ಲಿರುವ 27ರ ಯುವಕ. ಕುಮಟಾದ ಮದುವೆಯೊಂದರಲ್ಲಿ ಶಿರಸಿಯ ಹುಡುಗಿಯ ಪರಿಚಯವಾಗಿತ್ತು. ಇಬ್ಬರಿಗೂ ಮಾತು ಹಿಡಿಸಿತ್ತು. ಅಂದು ರಾತ್ರಿಯೇ ಇನ್‌ಸ್ಟಾಗ್ರಾಂನಲ್ಲಿ ಫಾಲೋ ರಿಕ್ವೆಸ್ಟ್ ಕಳಿಸಿದ. ಮರುದಿನ ಅವಳು ಒಪ್ಪಿಕೊಂಡು ತಾನೂ ಫಾಲೋ ಮಾಡಿದಳು. ಇಲ್ಲಿಯವರೆಗೆ ತಪ್ಪೇನಿಲ್ಲ. ಮುಖತಃ ಮಾತಾಡಿ ಬಂದವರು ಅದೇ ದಿನ ರಿಕ್ವೆಸ್ಟ್ ಕಳಿಸಿದರೆ ಅದು ಆತುರವಲ್ಲ.

ಎಡವಟ್ಟಾಗಿದ್ದು ಆಮೇಲೆ. ಅವಳ ಹಳೆಯ ಫೋಟೊಗಳನ್ನೆಲ್ಲ ಕೆಳಗಿನವರೆಗೆ ನೋಡುತ್ತ ಒಂದೇ ರಾತ್ರಿಯಲ್ಲಿ ಹನ್ನೊಂದು ಫೋಟೊಗಳಿಗೆ ಲೈಕ್ ಒತ್ತಿದ. ಮಾರಿಕಾಂಬಾ ಜಾತ್ರೆಯಲ್ಲಿ ಮನೆಯವರ ಜೊತೆ ತೆಗೆಸಿಕೊಂಡ ಫೋಟೊಕ್ಕೆ "ನಿಮ್ಮ ನಗು ನೋಡಿದ್ರೆ ತೇರು ನೋಡೋದೇ ಮರೆತುಹೋಗತ್ತೆ" ಎಂದು ಕಮೆಂಟ್ ಬರೆದ. ಅವಳ ಅಕ್ಕನಿಗೂ ಒಬ್ಬ ಅಣ್ಣನಿಗೂ ರಿಕ್ವೆಸ್ಟ್ ಕಳಿಸಿದ. ಬೆಳಿಗ್ಗೆ ಹೊತ್ತಿಗೆ ಚಿಕ್ಕಮ್ಮ ಅವಳನ್ನು ಕೇಳಿಯಾಗಿತ್ತು: "ಇಂವ ಯಾರೇ ಕೂಸೇ?" ಹುಡುಗಿ ಕಮೆಂಟ್ ತೆಗೆದಳು, ಮೆಸೇಜಿಗೆ ಉತ್ತರ ಕೊಡುವುದೂ ನಿಂತಿತು. ಆದರೆ ಅವನ ಸ್ಟೋರಿಗಳನ್ನು ಮಾತ್ರ ನೋಡುತ್ತಿದ್ದಳು. "ಮನಸ್ಸಿಲ್ಲದಿದ್ರೆ ಯಾಕೆ ನೋಡ್ತಾರೆ ಮೇಡಂ?" ಎಂಬುದು ಅವನ ಪ್ರಶ್ನೆ. ಅವಳಿಗೆ ತಟ್ಟಲಿ ಎಂದು ವಿರಹದ ಹಾಡನ್ನೂ ಸ್ಟೋರಿಗೆ ಹಾಕಿದ್ದ.

ಮೊದಲು ಆ ಪ್ರಶ್ನೆಯನ್ನೇ ಬಿಡಿಸಿದೆವು. ಸ್ಟೋರಿಗಳು ಒಂದು ಮುಗಿದೊಡನೆ ಮುಂದಿನವರದ್ದು ತಾನಾಗಿಯೇ ತೆರೆದುಕೊಳ್ಳುತ್ತವೆ. ಬೇರೆಯವರದ್ದನ್ನು ನೋಡುತ್ತ ಕೂತವರ ಹೆಸರೂ ನಿಮ್ಮ ಪಟ್ಟಿಗೆ ಬರುತ್ತದೆ. ಹಾಗಾಗಿ ಆ ಹೆಸರಿನಿಂದ ಒಲವೂ ತಿಳಿಯದು, ಮುನಿಸೂ ತಿಳಿಯದು. ಹೆಸರು ಪಟ್ಟಿಯ ಮೇಲಿದೆಯೋ ಕೆಳಗಿದೆಯೋ ಎಂದು ಲೆಕ್ಕ ಹಾಕುವುದನ್ನು ಅಂದಿನಿಂದಲೇ ಬಿಡಲು ಹೇಳಲಾಯಿತು. ವಿರಹದ ಹಾಡು ಇನ್ನೂ ಕಷ್ಟದ್ದು. ತನ್ನ ಹೆಸರಿಲ್ಲದ ದೂರಿಗೆ ಅವಳು ಏನೆಂದು ಉತ್ತರ ಕೊಡಬೇಕು?

ನಂತರ, ಯಾವುದನ್ನು ಯಾರು ನೋಡುತ್ತಾರೆ ಎಂಬ ವಿಷಯ. ಅವಳ ಖಾತೆ ಪ್ರೈವೇಟ್, ನಿಜ. ಆದರೆ ಫಾಲೋವರ್ಸ್ ಪಟ್ಟಿಯಲ್ಲಿ ಅರ್ಧ ಜನ ನೆಂಟರೇ. ಪೋಸ್ಟಿಗೆ ಹಾಕಿದ ಕಮೆಂಟು, ಒತ್ತಿದ ಲೈಕು ಅವರೆಲ್ಲರ ಕಣ್ಣಿಗೆ ಬೀಳುತ್ತವೆ. ಸ್ಟೋರಿಗೆ ಕಳಿಸಿದ ಉತ್ತರ ಮಾತ್ರ ನೇರ ಅವಳ ಇನ್‌ಬಾಕ್ಸಿಗೆ ಹೋಗುತ್ತದೆ. ಒಂದು ಮನೆಯ ಸುದ್ದಿ ಸಂಜೆಯೊಳಗೆ ಘಟ್ಟ ಇಳಿಯುವ ನಮ್ಮ ಕಡೆ, ಮೊದಲ ಕೆಲವು ವಾರ ಈ ಒಂದೇ ದಾರಿ ಸಾಕು.

ಸರಿಪಡಿಸುವುದು ಹೇಗೆ? ಹನ್ನೊಂದು ಲೈಕನ್ನು ವಾಪಸ್ ತೆಗೆಯಬೇಡಿ ಎಂದೆವು. ನೋಟಿಫಿಕೇಶನ್ ಅವಳು ಆಗಲೇ ನೋಡಿಯಾಗಿದೆ, ತೆಗೆದರೆ ಮುನಿಸಿಕೊಂಡಂತೆ ಕಾಣುತ್ತದೆ. ಅನ್‌ಫಾಲೋ ಮಾಡಿ ಮತ್ತೆ ಫಾಲೋ ಮಾಡುವುದೂ ಬೇಡ. ಪ್ರೈವೇಟ್ ಖಾತೆಗೆ ಮತ್ತೆ ರಿಕ್ವೆಸ್ಟ್ ಹೋಗುತ್ತದೆ, ಒಪ್ಪುವ ಮುಜುಗರ ಅವಳ ತಲೆಗೆ. ಅಕ್ಕ, ಅಣ್ಣನಿಗೆ ಕಳಿಸಿದ ರಿಕ್ವೆಸ್ಟ್ ಇನ್ನೂ ಬಾಕಿ ಇದ್ದುದರಿಂದ ಅವನ್ನು ರದ್ದು ಮಾಡಿಸಿದೆವು. ಆಮೇಲೆ ಒಂದೇ ಮೆಸೇಜ್: "ಜಾತ್ರೆ ಫೋಟೊಕ್ಕೆ ಹಾಗೆ ಬರೀಬಾರದಿತ್ತು. ಮನೆಯವರೂ ನೋಡ್ತಾರೆ ಅಂತ ಯೋಚನೆ ಮಾಡ್ಲಿಲ್ಲ, ತಪ್ಪಾಯ್ತು. ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ." ಅವನ ಮೊದಲ ಕರಡಿನಲ್ಲಿ "ನನ್ನ ಮೇಲೆ ಬೇಜಾರಾ?" ಎಂದೂ ಇತ್ತು. ಅದನ್ನು ತೆಗೆಸಿದೆವು. ಕ್ಷಮೆ ಕೇಳುವಾಗಲೇ ಸಮಾಧಾನವನ್ನೂ ಬೇಡಿದರೆ ಆ ಭಾರವೂ ಅವಳದ್ದೇ ಆಗುತ್ತದೆ.

ಎರಡು ದಿನ ಬಿಟ್ಟು ಉತ್ತರ ಬಂತು: "ಚಿಕ್ಕಮ್ಮ ಕೇಳಿದ್ದಕ್ಕೆ ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ, ಅದಕ್ಕೇ ಸುಮ್ಮನಾದೆ."

ಮುಂದಿನ ವಾರ ಅವಳ ಸ್ಟೋರಿಯಲ್ಲಿ ಅಜ್ಜಿ ತೊಡದೇವು ಮಾಡುತ್ತಿದ್ದರು. ಬೋರಲು ಹಾಕಿದ ಮಡಕೆ, ಕೋಲಿಗೆ ಸುತ್ತಿದ ಬಟ್ಟೆ. ಅವನಿಗೆ ಬೆಂಕಿಯ ಇಮೋಜಿ ಕಳಿಸುವ ಆಸೆ. ಇಮೋಜಿಗೆ ಅವಳು ತಿರುಗಿ ಇನ್ನೊಂದು ಇಮೋಜಿ ಕಳಿಸಬಹುದು, ಅಷ್ಟೇ. ಬದಲಿಗೆ ಅವನಿಗೆ ನಿಜವಾಗಿ ಗೊತ್ತಿಲ್ಲದ್ದನ್ನೇ ಕೇಳಿದ: "ಹಿಟ್ಟು ಅಷ್ಟು ತೆಳ್ಳಗೆ ಹೇಗೆ ಬಳೀತಾರೆ? ನಮ್ಮಲ್ಲಿ ಯಾವಾಗ್ಲೂ ದಪ್ಪ ಆಗತ್ತೆ." ಅವಳು ಉದ್ದಕ್ಕೆ ಬರೆದಳು, ಕೊನೆಗೆ ತಾನೂ ಒಂದು ಪ್ರಶ್ನೆ ಕೇಳಿದಳು. ನಾವು ನೋಡಲು ಹೇಳಿದ್ದು ಅದನ್ನೇ. ತಿರುಗಿ ಪ್ರಶ್ನೆ ಬಂದರೆ ಮಾತು ಮುಂದುವರಿಸಬಹುದು. ಎರಡು ಸಲ ಬರೀ ಹೃದಯದ ಗುರುತೋ "ಹ್ಞೂಂ" ಎಂಬುದೋ ಬಂದರೆ ಕೆಲವು ದಿನ ಸುಮ್ಮನಿರಬೇಕು. ಹಾಕಿದ ಸ್ಟೋರಿಗೆಲ್ಲ ಉತ್ತರಿಸುವುದು ಬೇಡ, ನಾಲ್ಕೈದರಲ್ಲಿ ಒಂದಕ್ಕೆ ಸಾಕು.

ಪೋಸ್ಟಿಗೆ ಕಮೆಂಟ್ ಯಾವಾಗ? ಅವಳು ಮೊದಲು ಅವನ ಪೋಸ್ಟಿಗೆ ಬರೆದ ಮೇಲೆ, ಅದೂ ಚಿಕ್ಕಮ್ಮ ಓದಿದರೂ ಪ್ರಶ್ನೆ ಏಳದಂಥ ಮಾತು. ಕ್ಲೋಸ್ ಫ್ರೆಂಡ್ಸ್ ಪಟ್ಟಿಗೆ ಸೇರಿಸಿಕೊಂಡರೆ ಅಲ್ಲಿ ಕಂಡದ್ದರ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ತೋರಿಸಕೂಡದು.

ಆ ಕ್ಷಮೆಯ ಮೆಸೇಜಿಗೆ ಉತ್ತರ ಬರದಿದ್ದರೆ ಏನು ಮಾಡಬೇಕೆಂಬುದನ್ನೂ ಕಳಿಸುವ ಮೊದಲೇ ಒಪ್ಪಿಸಿದ್ದೆವು: ಎರಡನೆಯ ಮೆಸೇಜ್ ಇಲ್ಲ, ಅವಳು ಸ್ಟೋರಿ ನೋಡುತ್ತಲೇ ಇದ್ದರೂ ಇಲ್ಲ.