ಮೂರು ವರ್ಷ ಅಂತ ಬರೆದು ಕೊಡ್ರಿ ಅಂದರೆ?

ಪ್ರಶ್ನೆ: ಬೆಳಗಾವಿ ಉದ್ಯಮಬಾಗದಾಗ ನಂದೊಂದು ಮಶಿನ್ ಶಾಪ್ ಐತಿ, 25 ಮಂದಿ ಅದಾರ. 2023ರ ಜೂನ್‌ನಿಂದ 2024ರ ಆಗಸ್ಟ್‌ತನಕ ಸಿಎನ್‌ಸಿ ಆಪರೇಟರ್ ಇದ್ದ ಹುಡುಗ ಈಗ ಬಂದು, ‘ಪುಣೆ ಕಂಪನಿಗೆ ಬೇಕ್ರಿ, ಮೂರು ವರ್ಷ ಸೂಪರ್‌ವೈಸರ್ ಇದ್ದೆ ಅಂತ ಬರೆದು ಕೊಡ್ರಿ’ ಅಂತಾನ. ಸ್ಕ್ರ್ಯಾಪ್ ಕದ್ದಾನಂತ ನಮಗ ಅನುಮಾನ ಇತ್ತು, ಆದರ ವಿಚಾರಣೆ ಮಾಡಲಿಲ್ಲ. ಏನು ಬರೀಲಿ?

ಉತ್ತರ: ಮೂರು ವರ್ಷ ಅಂತ ಬರೆಯಬೇಡಿ. ಅವನ ಪಿಎಫ್ ತುಂಬಿದ್ದರೆ ಸೇರಿದ ದಿನ, ಬಿಟ್ಟ ದಿನ ಎರಡೂ ಯುಎಎನ್ ಖಾತೆಯ Service History ಪುಟದಲ್ಲಿವೆ, ಅವನ್ನು ಕೊಟ್ಟವರೂ ನೀವೇ. ಪುಣೆಯವರು ಆ ಪುಟದ ಪ್ರತಿ ಕೇಳಿದರೆ ಹದಿನೈದು ತಿಂಗಳು ಮೂವತ್ತಾರಾದದ್ದು ಅಲ್ಲೇ ಬಯಲಾಗುತ್ತದೆ.

ಸ್ವಂತ ಹೆಸರಲ್ಲಿ ಸಹಿ ಮಾಡಿದ ಪತ್ರದಲ್ಲಿ ಸುಳ್ಳಿದೆ ಎಂದ ಮಾತ್ರಕ್ಕೆ ಅದು ‘ಖೋಟಾ ದಾಖಲೆ’ ಆಗುವುದಿಲ್ಲ. ಸುಪ್ರೀಂ ಕೋರ್ಟ್ 2009ರ ಮೊಹಮ್ಮದ್ ಇಬ್ರಾಹಿಂ ತೀರ್ಪಿನಲ್ಲಿ ಖೋಟಾ ದಾಖಲೆಯ ಅರ್ಥವನ್ನು ಹೀಗೆ ಬಿಡಿಸಿದೆ. ಅಷ್ಟಕ್ಕೇ ನಿರಾಳರಾಗಬೇಡಿ. ಸುಳ್ಳೆಂದು ಗೊತ್ತಿದ್ದೂ ಕೊಟ್ಟ ಪತ್ರ ನಂಬಿ ಪುಣೆಯವರು ನಷ್ಟ ಮಾಡಿಕೊಂಡರೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆಯಲ್ಲಿ ಅವನ ಜೊತೆ ನಿಮ್ಮ ಹೆಸರೂ ಸೇರಬಹುದು. ನಷ್ಟ ಪರಿಹಾರದ ದಾವೆ ಬೇರೆ.

ಸ್ಕ್ರ್ಯಾಪ್ ವಿಷಯ ಇದಕ್ಕಿಂತ ನಾಜೂಕು. ವಿಚಾರಣೆ ನಡೆಸದೆ ‘ಕಳವು’ ಎಂದು ಬರೆದರೆ 356ನೇ ಕಲಮಿನ ಮಾನಹಾನಿ ದೂರು ಬರಬಹುದು. ಶಿಕ್ಷೆ ಎರಡು ವರ್ಷದವರೆಗೆ. ಬೇರೆಯವರ ಹಿತ ಕಾಯಲು ಸದ್ಭಾವನೆಯಿಂದ ಹೇಳಿದ ಮಾತಿಗೆ ಅಲ್ಲಿ ರಕ್ಷಣೆ ಇದೆ, ಆದರೆ ಸದ್ಭಾವನೆ ಎಂದರೆ ಎಚ್ಚರದಿಂದ ಪರಿಶೀಲಿಸಿ ಹೇಳಿದ್ದು. ನಿಮ್ಮ ಬಳಿ ತೂಕದ ಚೀಟಿ, ಸಾಕ್ಷಿ, ಅವನ ಲಿಖಿತ ಉತ್ತರ ಯಾವುದೂ ಇಲ್ಲವಲ್ಲ. ಹಾಗಂತ ರೂಢಿಯ ‘ಪ್ರಾಮಾಣಿಕ, ನಡತೆ ಉತ್ತಮ’ ಸಾಲನ್ನೂ ಹಾಕಬೇಡಿ. ನೀವೇ ನಂಬದ ಮಾತು ಅದು. ನಾಳೆ ಅಲ್ಲೂ ಮಾಲು ಹೋದರೆ ಅದೇ ಸಾಲು ತೋರಿಸಿ ನಿಮ್ಮನ್ನು ಕೇಳುತ್ತಾರೆ. ಇವನೊಬ್ಬನ ಪತ್ರದಲ್ಲಿ ಬಿಟ್ಟರೆ ಬಿಟ್ಟದ್ದೇ ಮಾತಾಡುತ್ತದೆ, ಹಾಗಾಗಿ ಇನ್ನು ಮುಂದೆ ಯಾರ ಪತ್ರದಲ್ಲೂ ನಡತೆಯ ಸಾಲು ಬೇಡ.

ಹಾಜರಿ ಮತ್ತು ಪಗಾರ ಪುಸ್ತಕ ಮುಂದಿಟ್ಟುಕೊಂಡು ಇಷ್ಟು ಬರೆಯಿರಿ: ‘ಇವರು 1-6-2023ರಿಂದ 31-8-2024ರವರೆಗೆ ನಮ್ಮಲ್ಲಿ ಸಿಎನ್‌ಸಿ ಆಪರೇಟರ್ ಆಗಿ ಕೆಲಸ ಮಾಡಿದ್ದಾರೆ. ಟರ್ನಿಂಗ್ ಸೆಂಟರ್ ನಡೆಸುವುದು, ಟೂಲ್ ಆಫ್‌ಸೆಟ್ ಹೊಂದಿಸುವುದು, ಮೈಕ್ರೋಮೀಟರಿನಲ್ಲಿ ಅಳತೆ ನೋಡುವುದು ಇವರ ಕೆಲಸವಾಗಿತ್ತು.’ ದಿನಾಂಕ ಪುಸ್ತಕದಲ್ಲಿದ್ದಂತೆ, ಕೆಲಸ ಅವನು ಮಾಡಿದ್ದಷ್ಟೇ. ಆಪರೇಟರನಿಗೂ ಇದರಿಂದ ಲಾಭವೇ: ಹುಸಿ ಸೂಪರ್‌ವೈಸರ್ ಹುದ್ದೆಗಿಂತ ‘ಆಫ್‌ಸೆಟ್ ಹೊಂದಿಸಬಲ್ಲ’ ಎಂಬ ಮಾತನ್ನು ಶಾಪ್ ನಡೆಸುವವರು ಬೇಗ ನಂಬುತ್ತಾರೆ.

ಪುಣೆಯಿಂದ ಫೋನ್ ಬಂದರೆ ಎಡವುವುದು ಹೆಚ್ಚು. ಪರಿಚಯದವರಂತೆ ಮಾತಾಡಿಸಿದಾಗ ಅನುಮಾನ ಬಾಯಿಗೆ ಬಂದುಬಿಡುತ್ತದೆ. ಬಾಯಿಮಾತಿನ ಆರೋಪವೂ ಮಾನಹಾನಿಯೇ. ‘ದಿನಾಂಕ, ಹುದ್ದೆ ಎರಡನ್ನೇ ಹೇಳ್ತೀವ್ರಿ, ಯಾರ ಬಗ್ಗೆ ಕೇಳಿದ್ರೂ ಹಂಗ’ ಎಂದು ಮುಗಿಸಿ. ಪತ್ರಕ್ಕೆ ಕ್ರಮಸಂಖ್ಯೆ, ಕೊಟ್ಟ ದಿನದ್ದೇ ತಾರೀಖು ಹಾಕಿ, ಅವನ ಸಹಿ ಪಡೆದ ಒಂದು ಪ್ರತಿ ಫೈಲಿನಲ್ಲಿಡಿ. 2023 ಆಮೇಲೆ 2021 ಆಗಿದ್ದರೆ ತಿದ್ದಿದ್ದು ನೀವಲ್ಲ ಎನ್ನಲು ಆ ಪ್ರತಿಯೇ ಆಧಾರ.